ಹೆಚ್ಚು ಕೂಗಿದವನು ಕೆಳಗೆ, ಕಡಿಮೆ ಕೂಗಿದವನು ಮೇಲೆ: ಹುಡುಕಾಟದ ಜಾಹೀರಾತಿನ ಈ ಹರಾಜು ನಡೆಯುವುದು ಹೇಗೆ?

ಸಂಪು ಸೇವೆ, ವಿಜಯನಗರ

ಎಲ್ಲರಿಗೂ ನಮಸ್ಕಾರ. ನಾನು ವಿಜಯನಗರದಲ್ಲಿ ಸಂಪು ಮತ್ತು ಓವರ್‌ಹೆಡ್ ಟ್ಯಾಂಕ್ ತೊಳೆಯುವ ಕೆಲಸ ಮಾಡಿಸುತ್ತೇನೆ. ಸಂಪಿನ ಸೋರಿಕೆ ತಡೆಯುವುದು, ಮೋಟಾರ್ ರಿಪೇರಿ ಇವೂ ನಮ್ಮಲ್ಲಿವೆ. ಒಂದು ವರ್ಷದಿಂದ ಗೂಗಲ್ ಹುಡುಕಾಟದಲ್ಲಿ ಜಾಹೀರಾತು ಕೊಡುತ್ತಿದ್ದೇನೆ. ಬಿಡ್ ಅನ್ನು, ಅಂದರೆ ಒಂದು ಕ್ಲಿಕ್ಕಿಗೆ ಹೆಚ್ಚೆಂದರೆ ಎಷ್ಟು ಕೊಡುತ್ತೇನೆ ಎಂಬುದನ್ನು, ನಾನೇ ಕೈಯಾರೆ ಇಡುತ್ತೇನೆ.

ಬಸವೇಶ್ವರನಗರದಲ್ಲಿ ಇದೇ ಕೆಲಸ ಮಾಡುವ ನನ್ನ ಸ್ನೇಹಿತರೊಬ್ಬರಿದ್ದಾರೆ. ಕಳೆದ ವಾರ ಇಬ್ಬರೂ ಕುಳಿತು ನಮ್ಮ ಖಾತೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಸಂಪು ಕ್ಲೀನಿಂಗ್ ಕೀವರ್ಡಿಗೆ ನನ್ನ ಬಿಡ್ 60 ರೂಪಾಯಿ, ಅವರದು 40. ಆದರೂ ಹೆಚ್ಚಿನ ಸಲ ಅವರ ಜಾಹೀರಾತು ಮೇಲೆ, ನನ್ನದು ಅದರ ಕೆಳಗೆ. ಇನ್ನೂ ಅರ್ಥವಾಗದ ಸಂಗತಿಯೆಂದರೆ, ನನಗೆ ಸರಾಸರಿ ಒಂದು ಕ್ಲಿಕ್ಕಿಗೆ 33 ರೂಪಾಯಿ ಬೀಳುತ್ತಿದೆ, ಅವರಿಗೆ 30. ಮೇಲಿನ ಜಾಗದಲ್ಲಿರುವವರು ಕೆಳಗಿನವರಿಗಿಂತ ಕಡಿಮೆ ಕೊಡುವುದು ಯಾವ ಹರಾಜಿನ ನ್ಯಾಯ? ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಹರಾಜಾದರೆ ಹೆಚ್ಚು ಕೂಗಿದವರಿಗೆ ಮಾಲು ಸೇರುತ್ತದೆ.

ಈ ಕೀವರ್ಡಿಗೆ ಗೂಗಲ್ ತೋರಿಸುವ ನನ್ನ ಕ್ವಾಲಿಟಿ ಸ್ಕೋರ್ ಹತ್ತಕ್ಕೆ 4. ನಿರೀಕ್ಷಿತ ಕ್ಲಿಕ್ ದರ ಸರಾಸರಿಗಿಂತ ಕಡಿಮೆ, ಜಾಹೀರಾತಿನ ಪ್ರಸ್ತುತತೆಯೂ ಸರಾಸರಿಗಿಂತ ಕಡಿಮೆ, ಲ್ಯಾಂಡಿಂಗ್ ಪೇಜ್ ಸರಾಸರಿ ಎಂದು ತೋರಿಸುತ್ತಿದೆ. ಸ್ನೇಹಿತರ ಸ್ಕೋರ್ 8. ಈ ಸ್ಕೋರಿಗೂ ಹಣಕ್ಕೂ ನಿಜವಾಗಿ ಇರುವ ಸಂಬಂಧವೇನೆಂದು ಬಲ್ಲವರು ತಿಳಿಸಬೇಕು.

ಮಾರ್ಕೆಟಿಂಗ್, ಜಯನಗರ

ಸರ್, ಇದರಲ್ಲಿ ಗೊಂದಲವೇನೂ ಇಲ್ಲ. ಸ್ಕೋರ್ ಹೆಚ್ಚಿದ್ದರೆ ರಿಯಾಯಿತಿ, ಕಡಿಮೆಯಿದ್ದರೆ ದಂಡ, ಅಷ್ಟೇ. 10 ಬಂದರೆ ಕ್ಲಿಕ್ಕಿನ ಬೆಲೆ ಅರ್ಧಕ್ಕೆ ಇಳಿಯುತ್ತದೆ, 4 ಇದ್ದರೆ ನಾಲ್ಕನೆಯ ಒಂದು ಭಾಗ ಹೆಚ್ಚು ಬೀಳುತ್ತದೆ ಎಂಬ ಪಟ್ಟಿಯೊಂದು ನಮ್ಮ ಕ್ಷೇತ್ರದಲ್ಲಿ ಎಲ್ಲರ ಬಳಿಯೂ ಇದೆ. ನೀವು ಒಂದು ವಾರ ಬಿಡ್ ಅನ್ನು 100 ರೂಪಾಯಿಗೆ ಏರಿಸಿ. ಮೇಲೆ ಬಂದರೆ ಕ್ಲಿಕ್ ಹೆಚ್ಚಾಗುತ್ತದೆ, ಕ್ಲಿಕ್ ಹೆಚ್ಚಾದರೆ ನಿರೀಕ್ಷಿತ ಕ್ಲಿಕ್ ದರ ಏರುತ್ತದೆ, ಸ್ಕೋರ್ ತಾನಾಗಿ ಸುಧಾರಿಸುತ್ತದೆ. ಆಮೇಲೆ ಬಿಡ್ ಇಳಿಸಿಕೊಳ್ಳಬಹುದು.

ಹರಾಜಿನ ಲೆಕ್ಕ

ಒಂದು ವಾರ 100 ರೂಪಾಯಿಗೆ ಏರಿಸುವ ಮೊದಲು ದಯವಿಟ್ಟು ಇದನ್ನು ಓದಿ. ನಾನು ಹತ್ತು ವರ್ಷಗಳಿಂದ ಇಂತಹ ಖಾತೆಗಳನ್ನು ನೋಡಿಕೊಳ್ಳುತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿರುವ ಅಂಕಿಗಳಿಂದಲೇ ಉತ್ತರ ಹೊರಡಿಸಬಹುದು.

ಈರುಳ್ಳಿ ಹರಾಜಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ನೀವು ಕೂಗಿದ ಹಣ ಜಾಗಕ್ಕಲ್ಲ, ಕ್ಲಿಕ್ಕಿಗೆ. ಜಾಹೀರಾತು ತೋರಿಸಿದ ಮಾತ್ರಕ್ಕೆ ಗೂಗಲ್‌ಗೆ ಒಂದು ಪೈಸೆಯೂ ಬರುವುದಿಲ್ಲ. ಆದ್ದರಿಂದ ಅದು ನೋಡುವುದು ಯಾರು ಕ್ಲಿಕ್ಕಿಗೆ ಹೆಚ್ಚು ಕೂಗಿದರು ಎಂಬುದನ್ನಲ್ಲ, ಸಾವಿರ ಸಲ ತೋರಿಸಿದರೆ ಯಾರ ಜಾಹೀರಾತಿನ ಮೌಲ್ಯ ಹೆಚ್ಚು ಎಂಬುದನ್ನು. ಒಂದೇ ಜಾಗದಲ್ಲಿ ಇಟ್ಟಾಗ ನಿಮ್ಮ ಜಾಹೀರಾತನ್ನು ಸಾವಿರಕ್ಕೆ 30 ಜನ, ಸ್ನೇಹಿತರದನ್ನು 60 ಜನ ಒತ್ತುತ್ತಾರೆಂದು ಇಟ್ಟುಕೊಳ್ಳೋಣ. ಮೂರನೆಯವರೊಬ್ಬರು 50 ರೂಪಾಯಿ ಕೂಗಿದ್ದಾರೆ, ಅವರದನ್ನು ಒತ್ತುವವರು ಬರೇ 20 ಎನ್ನೋಣ. ಈ 30, 60, 20 ನನ್ನ ಊಹೆ, ನಿಮ್ಮ ಬಿಲ್ಲಿಗೆ ಹೊಂದುವಂತೆ ಆರಿಸಿಕೊಂಡದ್ದು.

```
ಸ್ನೇಹಿತರು : 40 × 60 = 2400
ನೀವು       : 60 × 30 = 1800
ಮೂರನೆಯವರು : 50 × 20 = 1000
```

ಸ್ಥಾನ ಹೀಗೆ ನಿರ್ಧಾರವಾಯಿತು. ಈಗ ಬೆಲೆಗೆ ಬರೋಣ. ಯಾರೂ ತಾವು ಕೂಗಿದಷ್ಟನ್ನು ಕೊಡುವುದಿಲ್ಲ, ತಮ್ಮ ಕೆಳಗಿನವರಿಗಿಂತ ಮೇಲೆ ಉಳಿಯಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಕೊಡುತ್ತಾರೆ. ಸ್ನೇಹಿತರು ನಿಮ್ಮ 1800ನ್ನು ದಾಟಬೇಕು. ಅವರಿಗೆ 60 ಕ್ಲಿಕ್ ಇರುವುದರಿಂದ ತಲಾ 30 ರೂಪಾಯಿ ಸಾಕು. ನೀವು ಮೂರನೆಯವರ 1000ವನ್ನು ದಾಟಬೇಕು. ನಿಮಗೆ 30 ಕ್ಲಿಕ್ ಮಾತ್ರ ಇರುವುದರಿಂದ ತಲಾ 33 ರೂಪಾಯಿಗಿಂತ ತುಸು ಹೆಚ್ಚು ಬೇಕು. ಮೇಲಿನವರು ಕೆಳಗಿನವರಿಗಿಂತ ಕಡಿಮೆ ಕೊಡುವುದು ಹೀಗೆ. ಇದರಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ, ಒಂದು ಭಾಗಾಕಾರವಿದೆ.

ನಿಜವಾದ ಹರಾಜಿನಲ್ಲಿ ಇದಕ್ಕಿಂತ ಹೆಚ್ಚಿನ ಸಂಗತಿಗಳು ಸೇರುತ್ತವೆ. ಜಾಹೀರಾತಿನ ಪ್ರಸ್ತುತತೆ, ತಲುಪುವ ಪುಟದ ಅನುಭವ, ಹುಡುಕಿದವರು ಇರುವ ಜಾಗ, ಸಮಯ, ಅವರ ಕೈಯಲ್ಲಿರುವ ಸಾಧನ, ಫೋನ್ ನಂಬರ್ ಮತ್ತು ಹೆಚ್ಚುವರಿ ಲಿಂಕ್‌ಗಳಿಂದ ಆಗಬಹುದಾದ ಪರಿಣಾಮ, ಇವೆಲ್ಲವನ್ನೂ ಪ್ರತಿ ಹುಡುಕಾಟಕ್ಕೂ ಹೊಸದಾಗಿ ಲೆಕ್ಕ ಹಾಕುತ್ತಾರೆ. ಲೆಕ್ಕದ ಬೆನ್ನೆಲುಬು ಮಾತ್ರ ಮೇಲೆ ಬರೆದದ್ದೇ.

ಹೋಟೆಲ್ ಸಾಮಾನು, ಚಿಕ್ಕಪೇಟೆ

ನನ್ನ ಅನುಭವ ಬೇರೆ ಇದೆ. ನಾವು ಮ್ಯಾಪ್‌ನಲ್ಲಿ ಅಂಗಡಿಯ ಫೋಟೋ ಹಾಕಿ ಗ್ರಾಹಕರಿಂದ ವಿಮರ್ಶೆ ಬರೆಸಿದೆವು. ಒಂದು ರೂಪಾಯಿ ಕೊಡದೆ ಮೇಲೆ ಬರುತ್ತಿದ್ದೇವೆ. ವಿಜಯನಗರದವರೂ ಹಾಗೆಯೇ ಮಾಡಿದರೆ ಜಾಹೀರಾತಿನ ದರ ಇಳಿಯಬಹುದಲ್ಲವೇ?

ಹರಾಜಿನ ಲೆಕ್ಕ

ಚಿಕ್ಕಪೇಟೆಯವರೇ, ನೀವು ಹೇಳುತ್ತಿರುವುದು ಹಣ ಕೊಡದೆ ಬರುವ ಫಲಿತಾಂಶದ ವಿಷಯ. ಅದರ ಶ್ರೇಯಾಂಕಕ್ಕೂ ಈ ಹರಾಜಿಗೂ ಸಂಬಂಧವಿಲ್ಲ. ಅಲ್ಲಿ ಮೇಲಿದ್ದರೆ ಇಲ್ಲಿ ಬೆಲೆ ಇಳಿಯುವುದಿಲ್ಲ, ಇಲ್ಲಿ ಹಣ ಸುರಿದರೆ ಅಲ್ಲಿ ಮೇಲೇರುವುದೂ ಇಲ್ಲ.

ಇನ್ನು ಜಯನಗರದವರ ಎರಡು ಮಾತುಗಳು. ಆ ಪಟ್ಟಿಯನ್ನು ನಾನೂ ನೋಡಿದ್ದೇನೆ. ಕೆಳಗಿನವರ ಸಂಖ್ಯೆ ಬದಲಾಗುವುದಿಲ್ಲ, ನಮ್ಮ ಸ್ಥಾನವೂ ಬದಲಾಗುವುದಿಲ್ಲ ಎಂದು ಹಿಡಿದು, ಸ್ಕೋರನ್ನು ನೇರವಾಗಿ ಭಾಗಾಕಾರದಲ್ಲಿಟ್ಟು ತಯಾರಿಸಿದ ಪಟ್ಟಿ ಅದು. ಅದು ತೋರಿಸುವ ದಿಕ್ಕು ಸರಿ, ಶೇಕಡಾವಾರು ಅಂಕಿಗಳನ್ನು ನಂಬುವಂತಿಲ್ಲ. ಪರದೆಯ ಮೇಲೆ 1ರಿಂದ 10ರವರೆಗೆ ಕಾಣುವ ಸ್ಕೋರ್ ಹರಾಜಿನೊಳಗೆ ಹೋಗುವುದೇ ಇಲ್ಲ ಎಂದು ಗೂಗಲ್ ತನ್ನ ಸಹಾಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿದೆ. ಅದು ಜ್ವರ ನೋಡುವ ಥರ್ಮಾಮೀಟರಿನಂತೆ: ಜ್ವರವಿದೆಯೆಂದು ತಿಳಿಸುತ್ತದೆ, ಆದರೆ ಜ್ವರ ಬರುವುದು ಅದರಿಂದಲ್ಲ.

ಬಿಡ್ ಏರಿಸಿದರೆ ನಿರೀಕ್ಷಿತ ಕ್ಲಿಕ್ ದರ ಏರುತ್ತದೆ ಎಂಬುದು ತಪ್ಪು. ಮೇಲಿನ ಜಾಗದಲ್ಲಿ ಯಾರನ್ನು ಇಟ್ಟರೂ ಹೆಚ್ಚು ಕ್ಲಿಕ್ ಬರುತ್ತದೆ. ಆ ಜಾಗದ ಪಾಲನ್ನು ಕಳೆದ ಮೇಲೆಯೇ ಈ ಅಂದಾಜು ಮಾಡುತ್ತಾರೆ. ನೂರು ರೂಪಾಯಿ ಕೊಟ್ಟು ಕೊಂಡ ಕ್ಲಿಕ್ಕುಗಳಿಂದ ನಿಮ್ಮ ಜಾಹೀರಾತಿಗೆ ಒಳ್ಳೆಯ ಹೆಸರು ಬರುವುದಿಲ್ಲ. ಹೆಚ್ಚು ಸಲ ಕಾಣಿಸಿಕೊಂಡರೆ ಅಳೆಯಲು ಬೇಕಾದ ಸಾಕ್ಷ್ಯ ಬೇಗ ಸೇರುತ್ತದೆ ಎನ್ನುವಷ್ಟಕ್ಕೆ ಮಾತ್ರ ಅವರ ಸಲಹೆಯಲ್ಲಿ ಹುರುಳಿದೆ.

ವಿಜಯನಗರದವರೇ, ನಿಮ್ಮ ಆಡ್ ಗ್ರೂಪಿನಲ್ಲಿ ಯಾವ ಯಾವ ಕೀವರ್ಡ್‌ಗಳಿವೆ? ಶೀರ್ಷಿಕೆಯಲ್ಲಿ ಏನು ಬರೆದಿದ್ದೀರಿ?

ಸಂಪು ಸೇವೆ, ವಿಜಯನಗರ

ಒಂದೇ ಆಡ್ ಗ್ರೂಪ್ ಇದೆ, ಅದರಲ್ಲಿ 40 ಕೀವರ್ಡ್‌ಗಳಿವೆ. ಸಂಪು ಕ್ಲೀನಿಂಗ್, ಟ್ಯಾಂಕ್ ಕ್ಲೀನಿಂಗ್, ವಾಟರ್‌ಪ್ರೂಫಿಂಗ್, ಬೋರ್‌ವೆಲ್ ಮೋಟಾರ್ ರಿಪೇರಿ ಎಲ್ಲವೂ ಅದರಲ್ಲಿಯೇ ಇವೆ. ಶೀರ್ಷಿಕೆ: ‘ಎಲ್ಲ ಬಗೆಯ ನೀರಿನ ಸೇವೆಗಳು, ಬೆಂಗಳೂರು’. ಒತ್ತಿದವರು ನಮ್ಮ ಮುಖಪುಟಕ್ಕೆ ಬರುತ್ತಾರೆ.

ಹರಾಜಿನ ಲೆಕ್ಕ

ಕಾರಣ ಇಲ್ಲಿಯೇ ಇದೆ. ಸಂಪು ತೊಳೆಸಬೇಕೆಂದು ಹುಡುಕಿದ ಮನೆಯವರ ಕಣ್ಣಿಗೆ ‘ಎಲ್ಲ ಬಗೆಯ ನೀರಿನ ಸೇವೆಗಳು’ ಎಂಬುದು ಟ್ಯಾಂಕರ್ ನೀರು ಪೂರೈಸುವವರದೋ ಫಿಲ್ಟರ್ ಮಾರುವವರದೋ ಎಂದು ತಿಳಿಯುವುದಿಲ್ಲ. ಹುಡುಕಿದ ಮಾತಿಗೂ ಜಾಹೀರಾತಿನ ಮಾತಿಗೂ ಹೊಂದಿಕೆ ಇಲ್ಲದಿರುವುದರಿಂದ ಪ್ರಸ್ತುತತೆಯ ಅಂಕ ಕೆಳಗಿದೆ. ಜನ ಅದನ್ನು ಬಿಟ್ಟು ಮುಂದೆ ಹೋಗುವುದರಿಂದ ಕ್ಲಿಕ್ ದರವೂ ಕೆಳಗಿದೆ. ಹೆಸರು ಎರಡಾದರೂ ನಿಮ್ಮ ಪ್ರಕರಣದಲ್ಲಿ ರೋಗ ಒಂದೇ.

ಸಂಪು, ಟ್ಯಾಂಕ್, ಸೋರಿಕೆ, ಮೋಟಾರ್ ಎಂದು ನಾಲ್ಕು ಆಡ್ ಗ್ರೂಪ್ ಮಾಡಿ. ಸಂಪಿನ ಗುಂಪಿಗೆ ಸಂಪಿನ ಬಗ್ಗೆಯೇ ಶೀರ್ಷಿಕೆ ಬರೆಯಿರಿ. ಎಷ್ಟು ಸಾವಿರ ಲೀಟರಿನ ಸಂಪಿಗೆ ಎಷ್ಟು ದರ, ಎಷ್ಟು ಹೊತ್ತಿನ ಕೆಲಸ, ಯಾವ ಬಡಾವಣೆಗಳಿಗೆ ಬರುತ್ತೀರಿ ಎಂಬುದು ಜಾಹೀರಾತಿನಲ್ಲಿಯೂ ಅದು ತಲುಪಿಸುವ ಪುಟದಲ್ಲಿಯೂ ಇರಲಿ. ‘ಉಚಿತ’ ಎಂಬ ಪದ ಹಾಕಿ ಕ್ಲಿಕ್ ಹೆಚ್ಚಿಸಿಕೊಳ್ಳುವ ಆಸೆ ಬರುತ್ತದೆ, ದಯವಿಟ್ಟು ಬೇಡ. ಸ್ಕೋರ್ ಏರುತ್ತದೆ, ಆದರೆ ಕೆಲಸ ಕೊಡದವರ ಕ್ಲಿಕ್ಕಿಗೆಲ್ಲ ನೀವು ಹಣ ತೆರಬೇಕಾಗುತ್ತದೆ.

ವೀಣೆ ತರಗತಿ, ಮಲ್ಲೇಶ್ವರ

ನಡುವೆ ನನ್ನದೊಂದು ಪ್ರಶ್ನೆ. ನನ್ನ ಜಾಹೀರಾತನ್ನು ಕಂಡ ನೂರರಲ್ಲಿ ಏಳು ಜನ ಒತ್ತುತ್ತಾರೆ. ವಿಜಯನಗರದವರಿಗೆ ಮೇಲಿನ ಲೆಕ್ಕದಲ್ಲಿ ಮೂರು. ಆದರೂ ನನಗೂ ‘ಸರಾಸರಿಗಿಂತ ಕಡಿಮೆ’ ಎಂದೇ ಬರುತ್ತಿದೆ. ಉಚಿತ ಪಾಠ, ಆನ್‌ಲೈನ್ ವಿಡಿಯೋ ಎಂದು ಹುಡುಕುವವರಿಗೆ ಕಾಣಿಸದಂತೆ ಆ ಪದಗಳನ್ನು ನೆಗೆಟಿವ್ ಕೀವರ್ಡ್ ಆಗಿ ಸೇರಿಸಿದ್ದೇನೆ. ಎರಡು ತಿಂಗಳಾಯಿತು, ಸ್ಕೋರ್ ಅಲುಗಾಡಿಲ್ಲ. ಕನ್ನಡ ಲಿಪಿಯಲ್ಲಿ ಇಟ್ಟಿರುವ ಕೀವರ್ಡಿಗಂತೂ ಸ್ಕೋರಿನ ಜಾಗದಲ್ಲಿ ಒಂದು ಸಣ್ಣ ಗೆರೆ ಮಾತ್ರ ಕಾಣುತ್ತದೆ.

ಹರಾಜಿನ ಲೆಕ್ಕ

ಮೇಡಂ, ಸರಾಸರಿ ಎಂದರೆ ಎಲ್ಲ ಜಾಹೀರಾತುಗಳ ಸರಾಸರಿಯಲ್ಲ. ಕಳೆದ 90 ದಿನಗಳಲ್ಲಿ ನಿಮ್ಮ ಅದೇ ಕೀವರ್ಡಿಗೆ ಕಾಣಿಸಿಕೊಂಡ ಬೇರೆ ಜಾಹೀರಾತುದಾರರೊಡನೆ ಮಾಡುವ ಹೋಲಿಕೆ ಅದು. ಸಂಗೀತ ಕಲಿಯಬೇಕೆಂದು ಹುಡುಕುವವರು ನಾಲ್ಕಾರು ಶಾಲೆಗಳನ್ನು ತೆರೆದು ನೋಡುತ್ತಾರೆ, ಹಾಗಾಗಿ ಅಲ್ಲಿ ಎಲ್ಲರಿಗೂ ಕ್ಲಿಕ್ ಹೆಚ್ಚು. ನಿಮ್ಮ ಏಳನ್ನು ಸಂಪಿನವರ ಮೂರರ ಪಕ್ಕದಲ್ಲಿ ಇಡುವಂತಿಲ್ಲ.

ನೆಗೆಟಿವ್ ಪದಗಳ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಪರದೆಯ ಸ್ಕೋರನ್ನು ಕೀವರ್ಡಿನಲ್ಲಿ ಇರುವುದನ್ನೇ ಯಥಾವತ್ತಾಗಿ ಹುಡುಕಿದ ಸಂದರ್ಭಗಳಿಂದ ಲೆಕ್ಕ ಹಾಕುತ್ತಾರೆ. ನೀವು ತಡೆದಿರುವ ‘ಉಚಿತ’ದ ಹುಡುಕಾಟಗಳು ಮೊದಲೂ ಆ ಲೆಕ್ಕದಲ್ಲಿ ಇರಲಿಲ್ಲ, ಆದ್ದರಿಂದ ತೆಗೆದುಹಾಕಿದರೆ ಸ್ಕೋರ್ ಏರುವುದಿಲ್ಲ. ಹಣ ಉಳಿದಿರುತ್ತದೆ, ಅದು ಬೇರೆ ಲಾಭ. ಗೆರೆ ಕಾಣುವುದಕ್ಕೂ ಇದೇ ಕಾರಣ: ಆ ಕನ್ನಡ ಪದಗಳನ್ನು ಹಾಗೆಯೇ ಟೈಪ್ ಮಾಡಿ ಹುಡುಕಿದವರ ಸಂಖ್ಯೆ ಅಳತೆಗೆ ಸಾಲುತ್ತಿಲ್ಲ.

ಜಾಹೀರಾತು ಬರಹ, ಬಸವನಗುಡಿ

ಮಲ್ಲೇಶ್ವರದ ಮೇಡಂ, ಕನ್ನಡ ಲಿಪಿಯ ಕೀವರ್ಡಿಗೆ ನಿಮ್ಮ ಶೀರ್ಷಿಕೆ ಯಾವ ಭಾಷೆಯಲ್ಲಿದೆ? ನಾನು ನೋಡುವ ಖಾತೆಗಳಲ್ಲಿ ಕನ್ನಡದ ಹುಡುಕಾಟಕ್ಕೆ ಇಂಗ್ಲಿಷ್ ಶೀರ್ಷಿಕೆ ಓಡುತ್ತಿರುವುದು ತೀರ ಸಾಮಾನ್ಯ. ಹುಡುಕಿದವರ ಕಣ್ಣಿಗೆ ಅದು ತಮಗಾಗಿ ಬರೆದದ್ದು ಎನಿಸುವುದಿಲ್ಲ.

ವೀಣೆ ತರಗತಿ, ಮಲ್ಲೇಶ್ವರ

ಇಂಗ್ಲಿಷಿನಲ್ಲಿಯೇ ಇದೆ. ಕನ್ನಡಕ್ಕೆ ಪ್ರತ್ಯೇಕ ಆಡ್ ಗ್ರೂಪ್ ಮಾಡಿ ನೋಡುತ್ತೇನೆ. ಆದರೆ ಗೆರೆ ಗೆರೆಯಾಗಿಯೇ ಉಳಿದರೆ ಬದಲಾವಣೆ ಫಲ ಕೊಟ್ಟಿತೋ ಇಲ್ಲವೋ ತಿಳಿಯುವುದು ಹೇಗೆಂದು ನನಗೆ ಇನ್ನೂ ಸ್ಪಷ್ಟವಾಗಿಲ್ಲ.

ಸಂಪು ಸೇವೆ, ವಿಜಯನಗರ (ಐದು ವಾರಗಳ ನಂತರ)

ಹೇಳಿದಂತೆಯೇ ಮಾಡಿದೆ. ನಾಲ್ಕು ಗುಂಪು, ಸಂಪಿಗೆ ಪ್ರತ್ಯೇಕ ಪುಟ, ಶೀರ್ಷಿಕೆಯಲ್ಲಿ ಲೀಟರ್ ಮತ್ತು ದರ. ಪ್ರಸ್ತುತತೆ ಈಗ ಸರಾಸರಿಗಿಂತ ಹೆಚ್ಚು, ನಿರೀಕ್ಷಿತ ಕ್ಲಿಕ್ ದರ ಸರಾಸರಿ. ಸ್ಕೋರ್ 7 ಆಗಿದೆ. ಸ್ನೇಹಿತರಿಗಿಂತ ಮೇಲೆ ಕಾಣುತ್ತಿದ್ದೇನೆ.

ಆದರೆ ಕ್ಲಿಕ್ಕಿನ ಬೆಲೆ 33ರಿಂದ 52 ರೂಪಾಯಿಗೆ ಏರಿದೆ! ಬಿಡ್ ಅನ್ನು ಮುಟ್ಟಿಯೇ ಇಲ್ಲ, ಅದೇ 60. ಸ್ಕೋರ್ ಸುಧಾರಿಸಿದರೆ ಬೆಲೆ ಇಳಿಯಬೇಕಿತ್ತಲ್ಲವೇ? ಐದು ವಾರ ಪಟ್ಟ ಶ್ರಮಕ್ಕೆ ಇದು ಪ್ರತಿಫಲವಾದರೆ ಮನಸ್ಸಿಗೆ ಬೇಸರವಾಗುತ್ತದೆ.

ಮಾರ್ಕೆಟಿಂಗ್, ಜಯನಗರ

ಹೊಸ ಆಡ್ ಗ್ರೂಪ್‌ಗಳು ಇನ್ನೂ ಕಲಿಕೆಯ ಹಂತದಲ್ಲಿವೆ. ಸ್ವಲ್ಪ ಕಾಯಿರಿ, ತಾನಾಗಿ ಇಳಿಯುತ್ತದೆ.

ಹರಾಜಿನ ಲೆಕ್ಕ

ಕಾಯುವುದರಿಂದ ಇಳಿಯುವುದಿಲ್ಲ. ಕಲಿಕೆಯ ಹಂತವೆಂಬುದು ಬಿಡ್ ಅನ್ನು ಯಂತ್ರಕ್ಕೆ ಒಪ್ಪಿಸಿದವರಿಗೆ ಅನ್ವಯಿಸುತ್ತದೆ, ಇವರು ಕೈಯಾರೆ ಇಡುತ್ತಿದ್ದಾರೆ.

ಮೊದಲಿನ ಕೋಷ್ಟಕಕ್ಕೆ ಹಿಂತಿರುಗೋಣ. ನಿಮ್ಮ ಸಾವಿರಕ್ಕೆ 30 ಈಗ 45 ಆಗಿದೆ ಎನ್ನಿ. ಬಿಡ್ 60 ಇದ್ದಾಗ ನಿಮ್ಮ ಸಂಖ್ಯೆ 2700, ಸ್ನೇಹಿತರ 2400ನ್ನು ದಾಟಿತು. ಮೇಲೇರಿದಿರಿ. ಆದರೆ ಈಗ ನಿಮ್ಮ ಕೆಳಗಿರುವುದು ಮೂರನೆಯವರ 1000 ಅಲ್ಲ, ಸ್ನೇಹಿತರ 2400. ಅದನ್ನು 45ರಿಂದ ಭಾಗಿಸಿದರೆ 53 ರೂಪಾಯಿ 33 ಪೈಸೆ. ನಿಮ್ಮ ಬಿಲ್ಲಿನ 52ಕ್ಕೆ ಹತ್ತಿರವೇ ಇದೆ. ಗುಣಮಟ್ಟ ಸುಧಾರಿಸಿದ ಲಾಭ ನಿಮಗೆ ಬಂದಿದೆ, ಆದರೆ ಅದು ಬೆಲೆಯ ರೂಪದಲ್ಲಿ ಬರದೆ ಸ್ಥಾನದ ರೂಪದಲ್ಲಿ ಬಂದಿದೆ, ಜೊತೆಗೆ ಆ ಸ್ಥಾನದ ಬಾಡಿಗೆಯೂ ಬಂದಿದೆ.

ಈಗ ಬಿಡ್ ಅನ್ನು 50ಕ್ಕೆ ಇಳಿಸಿದರೆ ಏನಾಗುತ್ತದೆ ನೋಡಿ. 50 × 45 = 2250. ಮತ್ತೆ ಎರಡನೆಯ ಸ್ಥಾನ. ಕೆಳಗಿರುವುದು 1000. ಭಾಗಿಸಿದರೆ 22 ರೂಪಾಯಿ 22 ಪೈಸೆ. ಮೊದಲು 33 ಕೊಡುತ್ತಿದ್ದ ಅದೇ ಸ್ಥಾನಕ್ಕೆ ಈಗ 22.

ಯಾವುದು ಲೇಸು ಎಂದು ತಿಳಿಯಲು ನಿಮ್ಮಿಂದ ಒಂದು ಅಂಕಿ ಬೇಕು. ಎಷ್ಟು ಕ್ಲಿಕ್ಕಿಗೆ ಒಂದು ಕೆಲಸ ಸಿಗುತ್ತದೆ, ಕೂಲಿ ಪೆಟ್ರೋಲ್ ಕಳೆದು ಒಂದು ಕೆಲಸದಲ್ಲಿ ಎಷ್ಟು ಉಳಿಯುತ್ತದೆ?

ಸಂಪು ಸೇವೆ, ವಿಜಯನಗರ

ಸುಮಾರು ಹತ್ತು ಕ್ಲಿಕ್ಕಿಗೆ ಒಂದು ಕೆಲಸ. ಉಳಿಯುವುದು 600 ರೂಪಾಯಿ. ಅದಕ್ಕಾಗಿಯೇ ಬಿಡ್ 60 ಇಟ್ಟಿದ್ದೆ, ಅದಕ್ಕಿಂತ ಹೆಚ್ಚು ಕೊಟ್ಟರೆ ನಷ್ಟವೆಂದು.

ಹರಾಜಿನ ಲೆಕ್ಕ

ಹಾಗಾದರೆ ನಿಮಗೆ ಒಂದು ಕ್ಲಿಕ್ಕಿನ ಮೌಲ್ಯ 60 ರೂಪಾಯಿ. ಎರಡನೆಯ ಜಾಗಕ್ಕೆ ಮೊದಲನೆಯದರ ನೂರಕ್ಕೆ 60ರಷ್ಟು ಕ್ಲಿಕ್ ಸಿಗುತ್ತದೆ ಎಂದು ಊಹಿಸಿಕೊಂಡು ಸಾವಿರ ಹುಡುಕಾಟಕ್ಕೆ ಲೆಕ್ಕ ಹಾಕುತ್ತೇನೆ.

ಮೇಲಿನ ಸ್ಥಾನದಲ್ಲಿ 45 ಕ್ಲಿಕ್, ಖರ್ಚು 2400, ನಿಮಗೆ ಅವುಗಳ ಮೌಲ್ಯ 2700, ಉಳಿಕೆ 300. ಎರಡನೆಯ ಸ್ಥಾನದಲ್ಲಿ 27 ಕ್ಲಿಕ್, ಖರ್ಚು 600, ಮೌಲ್ಯ 1620, ಉಳಿಕೆ 1020. ಮೇಲೇರಿದ್ದರಿಂದ ಹೆಚ್ಚು ಸಿಕ್ಕಿದ್ದು 18 ಕ್ಲಿಕ್, ಅದಕ್ಕೆ ಹೆಚ್ಚು ತೆತ್ತದ್ದು 1800 ರೂಪಾಯಿ. ಎಂದರೆ ಸರಾಸರಿ 53 ಎಂದು ಕಾಣುತ್ತಿದ್ದರೂ, ಆ ಹೆಚ್ಚುವರಿ ಕ್ಲಿಕ್ಕುಗಳಿಗೆ ನೀವು ತಲಾ 100 ರೂಪಾಯಿ ಕೊಡುತ್ತಿದ್ದೀರಿ. ನಿಮ್ಮ ಮಿತಿ 60. ಸರಾಸರಿ ಬೆಲೆ ಈ ಸಂಗತಿಯನ್ನು ಪೂರ್ತಿ ಮುಚ್ಚಿಡುತ್ತದೆ, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಐದು ವಾರಗಳ ಶ್ರಮ ವ್ಯರ್ಥವಾಗಿಲ್ಲ. ಹಳೆಯ ಜಾಹೀರಾತಿನಲ್ಲಿ ಇದೇ ಎರಡನೆಯ ಸ್ಥಾನದಲ್ಲಿ 18 ಕ್ಲಿಕ್ಕಿಗೆ ತಲಾ 33ರಂತೆ 600 ರೂಪಾಯಿ ಕೊಡುತ್ತಿದ್ದಿರಿ. ಈಗ 27 ಕ್ಲಿಕ್ಕಿಗೆ ಅದೇ 600. ಆ ಜಾಗದ ಒಟ್ಟು ಬೆಲೆಯನ್ನು ನಿರ್ಧರಿಸುವುದು ಕೆಳಗಿನ ಮೂರನೆಯವರ ಸಂಖ್ಯೆ, ನಿಮ್ಮ ಗುಣಮಟ್ಟವಲ್ಲ. ಅದೇ ಹಣವನ್ನು ಎಷ್ಟು ಕ್ಲಿಕ್ಕಿಗೆ ಹಂಚಿಕೊಳ್ಳುತ್ತೀರಿ ಎಂಬುದು ಮಾತ್ರ ನಿಮ್ಮ ಜಾಹೀರಾತಿನ ಕೈಯಲ್ಲಿದೆ.

ಅರ್ಥಶಾಸ್ತ್ರ ವಿದ್ಯಾರ್ಥಿ, ನಾಗರಬಾವಿ

ಇದಕ್ಕೆ ಪೂರಕವಾಗಿ ಒಂದು ಮಾತು. ಗೋಟು ಎಂದು ಆರಂಭವಾಗಿ ನಂತರ ಓವರ್ಚರ್ ಎನಿಸಿಕೊಂಡ ಕಂಪನಿಯ ಹರಾಜಿನಲ್ಲಿ ಸ್ಥಾನವನ್ನು ನಿರ್ಧರಿಸುತ್ತಿದ್ದುದು ಬಿಡ್ ಒಂದೇ. 2002ರಲ್ಲಿ ಗೂಗಲ್ ಕ್ಲಿಕ್ ಲೆಕ್ಕದ ಹರಾಜು ಆರಂಭಿಸಿದಾಗ ಕ್ಲಿಕ್ ದರವನ್ನೂ ಸೇರಿಸಿತು. ಓವರ್ಚರ್ ಅನ್ನು ಕೊಂಡಿದ್ದ ಯಾಹೂ ಕೂಡ 2007ರಲ್ಲಿ ಅದೇ ದಾರಿಗೆ ಬಂತು. ಅದೇ ವರ್ಷ ಎಡಲ್ಮನ್, ಓಸ್ಟ್ರೋವ್ಸ್ಕಿ ಮತ್ತು ಶ್ವಾರ್ಜ್ ಅವರು ಪ್ರಕಟಿಸಿದ ಸಂಶೋಧನಾ ಲೇಖನವು, ಕೆಳಗಿನವರ ಬೆಲೆ ತೆರುವ ಈ ಹರಾಜಿನಲ್ಲಿ ನಮಗೆ ಕ್ಲಿಕ್ಕಿನ ನಿಜವಾದ ಮೌಲ್ಯ ಎಷ್ಟೋ ಅಷ್ಟನ್ನೇ ಕೂಗುವುದು ಯಾವಾಗಲೂ ಲಾಭದ ನಡೆಯಲ್ಲ ಎಂದು ತೋರಿಸಿತು. ವಿಜಯನಗರದವರು ಮೌಲ್ಯ 60 ಎಂದು 60 ಕೂಗಿದ್ದು, 50 ಕೂಗಿದರೆ ಹೆಚ್ಚು ಉಳಿಯುವುದು, ಇದಕ್ಕೆ ಸರಿಯಾದ ಉದಾಹರಣೆ.

ಆದರೆ ನನ್ನದೊಂದು ಆಕ್ಷೇಪವಿದೆ. ಬಿಡ್ 50ಕ್ಕೆ ಇಳಿದಾಗ ಇವರ ಸಂಖ್ಯೆ 2250. ಸ್ನೇಹಿತರು ಈಗ ಮೊದಲಿನ 1800ರ ಬದಲು 2250ನ್ನು ದಾಟಬೇಕು, ಅಂದರೆ ಅವರ ಬೆಲೆ 30ರಿಂದ 37 ರೂಪಾಯಿ 50 ಪೈಸೆಗೆ ಏರುತ್ತದೆ. ಅವರು ಸುಮ್ಮನಿರುತ್ತಾರೆಯೇ? ಅವರೂ ಬಿಡ್ ಬದಲಿಸಿದರೆ ಈ ಲೆಕ್ಕವೆಲ್ಲ ಮತ್ತೆ ಹೊಸದಾಗುತ್ತದೆ.

ಹರಾಜಿನ ಲೆಕ್ಕ

ಆಕ್ಷೇಪ ಸರಿಯಾಗಿದೆ. ಇನ್ನೊಂದು ಮಿತಿಯನ್ನೂ ಸೇರಿಸುತ್ತೇನೆ. ಕೆಳಗೆ ಯಾರೂ ಇಲ್ಲದಿದ್ದರೆ ಬೆಲೆ ಸೊನ್ನೆಗೆ ಇಳಿಯುವುದಿಲ್ಲ. ಪ್ರತಿ ಸ್ಥಾನಕ್ಕೂ ದಾಟಲೇಬೇಕಾದ ಕನಿಷ್ಠ ಮಟ್ಟವೊಂದಿರುತ್ತದೆ. ಅದು ಜಾಹೀರಾತಿನ ಗುಣಮಟ್ಟ, ಹುಡುಕಾಟದ ವಿಷಯ, ಜಾಗ, ಸಾಧನ ಇವುಗಳಿಗೆ ತಕ್ಕಂತೆ ಬದಲಾಗುತ್ತದೆ. ಮೂರನೆಯವರು ತಮ್ಮ ಬಜೆಟ್ ಮುಗಿದು ಮಧ್ಯಾಹ್ನವೇ ಹೊರಟುಹೋದರೂ ಸಂಜೆ ನಿಮಗೆ ಕ್ಲಿಕ್ ಪುಕ್ಕಟೆಯಾಗುವುದಿಲ್ಲ.

ಆದ್ದರಿಂದ ನನ್ನ 50ನ್ನು ಕಲ್ಲಿನಲ್ಲಿ ಕೊರೆದ ಅಂಕಿಯೆಂದು ತಿಳಿಯಬೇಡಿ. ಎರಡು ವಾರ 50ರಲ್ಲಿ ಇಡಿ. ಒಟ್ಟು ಖರ್ಚು ಎಷ್ಟು ಇಳಿಯಿತು, ಒಟ್ಟು ಕ್ಲಿಕ್ ಎಷ್ಟು ಇಳಿಯಿತು ಎಂಬ ಎರಡು ವ್ಯತ್ಯಾಸಗಳನ್ನು ಬರೆದಿಟ್ಟು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದದ್ದು 60ಕ್ಕಿಂತ ಹೆಚ್ಚಿದ್ದರೆ ಇಳಿಸಿದ್ದು ಸರಿ. ಜೊತೆಗೆ, ರ‍್ಯಾಂಕ್ ಕಾರಣದಿಂದ ಕಳೆದುಕೊಂಡ ಇಂಪ್ರೆಶನ್ ಶೇರ್ ಎಂಬ ಕಾಲಮ್ ಮೇಲೆ ಕಣ್ಣಿಡಿ. ಅದು ಏಕಾಏಕಿ ಜಿಗಿದರೆ ನೀವು ಹೆಚ್ಚಿನ ಹುಡುಕಾಟಗಳಲ್ಲಿ ಕಾಣಿಸಿಕೊಳ್ಳುತ್ತಲೇ ಇಲ್ಲ ಎಂದರ್ಥ.

ಸಂಪು ಸೇವೆ, ವಿಜಯನಗರ (ಎರಡು ವಾರಗಳ ನಂತರ)

ಬಿಡ್ 50ರಲ್ಲಿ ಎರಡು ವಾರ ಕಳೆದವು. ಕ್ಲಿಕ್ಕಿನ ಸರಾಸರಿ ಬೆಲೆ 27 ರೂಪಾಯಿ. ನಿಮ್ಮ ಲೆಕ್ಕದ 22ಕ್ಕೆ ಇಳಿಯಲಿಲ್ಲ, ಏಕೆಂದರೆ ಬೆಳಗಿನ ಹೊತ್ತು ಕೆಲವು ಹುಡುಕಾಟಗಳಲ್ಲಿ ನಾನು ಇನ್ನೂ ಮೇಲಿನ ಸ್ಥಾನದಲ್ಲಿಯೇ ಬರುತ್ತಿದ್ದೇನೆ. ಹಿಂದಿನ ಎರಡು ವಾರಗಳಿಗೆ ಹೋಲಿಸಿದರೆ ಕ್ಲಿಕ್ 200ರಿಂದ 140ಕ್ಕೆ, ಖರ್ಚು 10,400ರಿಂದ 3,780ಕ್ಕೆ ಇಳಿದಿದೆ. ಬಿಟ್ಟುಕೊಟ್ಟ 60 ಕ್ಲಿಕ್ಕುಗಳು ತಲಾ 110 ರೂಪಾಯಿಯವು.

ಸ್ನೇಹಿತರಿಗೆ ಈ ಚರ್ಚೆಯನ್ನೆಲ್ಲ ತೋರಿಸಿದೆ. ಅವರ ಬೆಲೆ ನಿಜವಾಗಿಯೂ ಏರಿದೆಯಂತೆ. ಟ್ಯಾಂಕಿಗೂ ಸಂಪಿಗೂ ಅವರು ಇನ್ನೂ ಒಂದೇ ಪುಟ ಇಟ್ಟಿದ್ದಾರೆ, ಈ ಭಾನುವಾರ ಅದನ್ನು ಬೇರೆ ಮಾಡಲು ಕೂರುತ್ತಾರೆ. ಸಾವಿರಕ್ಕೆ ಅವರ 60 ಕ್ಲಿಕ್ ಇನ್ನೂ ಏರಿದರೆ ನನ್ನ ಬೆಳಗಿನ ಹುಡುಕಾಟಗಳು ಕೈ ಬಿಡುತ್ತವೆಯೇ ಎಂಬುದನ್ನು ಮುಂದಿನ ತಿಂಗಳ ಬಿಲ್ಲು ನೋಡಿ ಇಲ್ಲಿಯೇ ಬರೆಯುತ್ತೇನೆ.